ಎರಡು ಡಿಮ್ಯಾಟ್ ಖಾತೆ ಇದ್ದವರು ಶೇರು ಮಾರುವ ಮುಂಚೆ ಇದನ್ನೊಮ್ಮೆ ಓದಿ

"ಮೊದಲು ಕೊಂಡಿದ್ದು ಮೊದಲು ಮಾರಿದಂತೆ" ಅನ್ನೋ ಲೆಕ್ಕ ನನಗೆ ಗೊತ್ತಿತ್ತು. ಅರ್ಧ ಗೊತ್ತಿತ್ತು ಅನ್ನೋದು ತೆರಿಗೆ ಕಟ್ಟುವಾಗ ತಿಳೀತು.

ಹುಬ್ಬಳ್ಳಿಯ ಬ್ರೋಕರ್ ಹತ್ತಿರ ಇದ್ದ ನನ್ನ ಹಳೇ ಖಾತೆಯಲ್ಲಿ ಒಂದು ಕಂಪನಿಯ 1,000 ಶೇರು ಇದ್ದವು. 2021ರಲ್ಲಿ 720 ರೂಪಾಯಿಗೆ ಕೊಂಡವು. ಆಮೇಲೆ ಮೊಬೈಲ್ ಆ್ಯಪಿನಲ್ಲಿ ಇನ್ನೊಂದು ಖಾತೆ ತೆರೆದು, ಅದೇ ಕಂಪನಿಯ 600 ಶೇರು ನವೆಂಬರ್ 2023ರಲ್ಲಿ 500ಕ್ಕೆ, ಮತ್ತೆ 600 ಆಗಸ್ಟ್ 2024ರಲ್ಲಿ 700ಕ್ಕೆ ಕೊಂಡೆ. ಮಾರುವಾಗ ಕೈಗೆ ಸಿಕ್ಕಿದ್ದು ಆ್ಯಪೇ. ಸೆಪ್ಟೆಂಬರ್ 2024ರಲ್ಲಿ 400 ಶೇರು 800ಕ್ಕೆ, ಜನವರಿ 2025ರಲ್ಲಿ 500 ಶೇರು 900ಕ್ಕೆ ಹೋದವು.

ನನ್ನ ಲೆಕ್ಕ ಸರಳ: ಎಲ್ಲಕ್ಕಿಂತ ಹಳೇವು 2021ರವು, ಮಾರಿದ್ದು ಅವೇ. ಲಾಭ 1,22,000, ದೀರ್ಘಾವಧಿಯದು. 1,25,000ದವರೆಗೆ ತೆರಿಗೆ ಇಲ್ಲ. ಖುಷಿಯಾಗಿ ಮುಂಗಡ ತೆರಿಗೆಯನ್ನೂ ಕಟ್ಟಲಿಲ್ಲ.

ರಿಟರ್ನ್ ತುಂಬಿಸಲು ಧಾರವಾಡದ ಲೆಕ್ಕಿಗರ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಅಕೌಂಟಿನ್ಯಾಗಿಂದ ಮಾರೀರಿ?" ಹೇಳಿದೆ. "ಹಳೇದು ಮೊದಲು ಹೋಗತೈತಿ ಖರೆ, ಆದ್ರ ಆ ಅಕೌಂಟಿನೊಳಗಿಂದು ಅಷ್ಟರೀ" ಅಂದರು. ಡಿಮ್ಯಾಟ್ ಶೇರಿಗೆ ಈ ಕ್ರಮ ಖಾತೆವಾರು. 2021ರ ಶೇರುಗಳನ್ನು ನಾನು ಮುಟ್ಟೇ ಇರಲಿಲ್ಲ.

ಹಾಗಾಗಿ ಸೆಪ್ಟೆಂಬರಿನ 400 ಶೇರು ಹೊರಬಂದಿದ್ದು ನವೆಂಬರ್ 2023ರ ಕಂತಿನಿಂದ. ಹತ್ತೇ ತಿಂಗಳು, ಅಂದರೆ ಅಲ್ಪಾವಧಿ, ಲಾಭ 1,20,000. ಜನವರಿಯ 500 ಎರಡು ತುಂಡಾಯಿತು. ಆ ಕಂತಿನಲ್ಲಿ ಉಳಿದಿದ್ದ 200ಕ್ಕೆ ಹದಿನಾಲ್ಕು ತಿಂಗಳು ತುಂಬಿದ್ದರಿಂದ 80,000 ದೀರ್ಘಾವಧಿ ಲಾಭ, ಅದಕ್ಕೆ ತೆರಿಗೆ ಇಲ್ಲ. ಬಾಕಿ 300 ಆಗಸ್ಟ್ 2024ರವು, 60,000 ಅಲ್ಪಾವಧಿ. ಒಟ್ಟು ಅಲ್ಪಾವಧಿ ಲಾಭ 1,80,000. ಅದಕ್ಕೆ 20%, ಮೇಲೆ 4% ಸೆಸ್: 37,440 ರೂಪಾಯಿ. ಮುಂಗಡ ಕಟ್ಟದ್ದಕ್ಕೆ ಬಡ್ಡಿ ಬೇರೆ. ಅದೇ ದಿನ, ಅದೇ ಬೆಲೆಗೆ ಹಳೇ ಖಾತೆಯಿಂದ ಮಾರಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಆ್ಯಪ್ ತೋರಿಸುವ ಸರಾಸರಿ ಬೆಲೆಯನ್ನೂ ನಂಬಬೇಡಿ. ಎರಡು ಕಂತು ಸೇರಿ ನನಗೆ 600 ಅಂತ ತೋರಿಸಿತ್ತು. ತೆರಿಗೆಗೆ ಆ 600ರ ಹಂಗೇ ಇಲ್ಲ. ಪ್ರತಿ ಕಂತಿನ ಬೆಲೆ, ದಿನಾಂಕ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಇರುತ್ತದೆ. ಅವಧಿ ಎಣಿಸುವುದು ಆ ದಿನಾಂಕದಿಂದಲೇ, ಶೇರು ಖಾತೆಗೆ ಬಂದು ಬಿದ್ದ ದಿನದಿಂದಲ್ಲ. ಹನ್ನೆರಡು ತಿಂಗಳ ಗಡಿಯಲ್ಲಿ ಮಾರುವವರಿಗೆ ಆ ಒಂದೆರಡು ದಿನವೂ ದುಬಾರಿ. ಅದೇ ನೋಟಿನಲ್ಲಿರುವ ಬ್ರೋಕರೇಜನ್ನು ಲಾಭದಿಂದ ಕಳೆಯಬಹುದು, ಎಸ್‌ಟಿಟಿಯನ್ನು ಕಳೆಯುವಂತಿಲ್ಲ. (ಮೇಲಿನ ಲೆಕ್ಕದಲ್ಲಿ ಎರಡನ್ನೂ ಬಿಟ್ಟಿದ್ದೇನೆ.)

ಈಗ ಒಂದು ನೋಟುಬುಕ್ಕಿನಲ್ಲಿ ಖಾತೆಗೊಂದು ಪುಟ. ಆ್ಯಪಿನ ಪುಟದಲ್ಲಿ ಉಳಿದಿದ್ದು 300 ಶೇರು, ಎಲ್ಲಾ ಆಗಸ್ಟ್ 2024ರವು, ಬೆಲೆ 700.