ಹಳೇ ಜೀಪಿಗೆ ಮೂರು ವರ್ಷ ಬಯೋಡೀಸೆಲ್: ಫಿಲ್ಟರ್, ಪೈಪ್, ಚಳಿ

ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ 1999ರ ಡೀಸೆಲ್ ಜೀಪ್ ಇದೆ. ಮೂರು ವರ್ಷದಿಂದ ಅದಕ್ಕೆ ಬಿ20 ಹಾಕುತ್ತಿದ್ದೇನೆ. ಅಂದರೆ 32 ಲೀಟರ್ ಡೀಸೆಲ್‌ಗೆ 8 ಲೀಟರ್ ಬಯೋಡೀಸೆಲ್. ಸುಮ್ನೆ ಗಾಣದ ಹೊಂಗೆ ಎಣ್ಣೆ ಸುರಿಯೋದಲ್ಲ ಇದು. ಎಣ್ಣೆಗೆ ಮೆಥನಾಲ್ ಸೇರಿಸಿ, ಗ್ಲಿಸರಿನ್ ಬೇರೆ ಮಾಡಿ ತಯಾರಿಸಿದ ಇಂಧನ. ಹಸಿ ಎಣ್ಣೆ ಹಾಕಿದರೆ ನಾಜಲ್ ಕಟ್ಟಿಕೊಳ್ಳುತ್ತೆ, ದಯವಿಟ್ಟು ಆ ಕೆಲಸ ಮಾಡಬೇಡಿ.

ಮೊದಲ 600 ಕಿಲೋಮೀಟರ್ ಏನೂ ಗೊತ್ತಾಗಲಿಲ್ಲ. ಹೊಗೆ ಕಡಿಮೆಯಾಯಿತು, ಇಂಜಿನ್ ಸದ್ದು ಕೂಡ ಸ್ವಲ್ಪ ಮೆತ್ತಗಾಯಿತು. ಆಮೇಲೆ ಒಂದು ದಿನ ಲೋಡ್ ಹಾಕಿಕೊಂಡು ಏರು ಹತ್ತುವಾಗ ಪಿಕಪ್ಪೇ ಇಲ್ಲ. ಸಮತಟ್ಟು ರಸ್ತೆಯಲ್ಲಿ ಸರಿ ಇರುತ್ತೆ, ಆಕ್ಸಿಲರೇಟರ್ ಒತ್ತಿದರೆ ಮಾತ್ರ ಉಸಿರು ಕಟ್ಟಿದ ಹಾಗೆ ಎಳೆಯುತ್ತೆ. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ ಕತ್ತರಿಸಿ ತೋರಿಸಿದ. ಕಾಗದದ ಮಡಿಕೆಗಳಿಗೆ ಟಾರಿನಂಥ ಕಪ್ಪು ಅಂಟು ಮೆತ್ತಿತ್ತು. ಬಯೋಡೀಸೆಲ್ಲೇ ಕೊಳಕು ಅಂದುಕೊಂಡೆ. ಆತ, "ಇಲ್ಲ ಅಣ್ಣಾ, ಇದು ನಿಮ್ಮ ಟ್ಯಾಂಕಿನ ಹಳೇ ಕೊಳೆ. ಈಗ ಕರಗಿ ಬರ್ತಿದೆ" ಅಂದ.

ಅವನ ಮಾತು ಸರಿ ಇತ್ತು. ಬಯೋಡೀಸೆಲ್‌ಗೆ ಕೊಳೆ ಕರಗಿಸುವ ಗುಣ ಜಾಸ್ತಿ. ಇಪ್ಪತ್ತು ವರ್ಷದಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಗಸಿಯೆಲ್ಲ ಎದ್ದು ಬಂದು ಫಿಲ್ಟರಿನಲ್ಲಿ ಕೂತಿತು. ಮೊದಲ 2,000 ಕಿಲೋಮೀಟರಿನಲ್ಲಿ ಮೂರು ಫಿಲ್ಟರ್ ಹೋಯಿತು. ನಾಲ್ಕನೆಯದು ಎಂದಿನಂತೆ 10,000 ಕಿಲೋಮೀಟರ್ ಬಂತು. ಹಳೇ ಗಾಡಿಯವರು ಶುರು ಮಾಡುವ ಮೊದಲೇ ಟ್ಯಾಂಕ್ ಇಳಿಸಿ ತೊಳೆಸಿಬಿಡಿ. ನಾನು ತೊಳೆಸಲಿಲ್ಲ, ಅದಕ್ಕೇ ದಾರಿಯಲ್ಲಿ ನಿಂತು ಏರ್ ತೆಗೆಯಬೇಕಾಯಿತು.

ರಬ್ಬರಿನ ತೊಂದರೆ ಬಂದಿದ್ದು ಎಂಟು ತಿಂಗಳ ನಂತರ. ಬೆಳಿಗ್ಗೆ ಸ್ಟಾರ್ಟ್ ಮಾಡಲು ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಇಂಜೆಕ್ಟರ್‌ಗಳಿಂದ ಬರುವ ಸಣ್ಣ ರಿಟರ್ನ್ ಪೈಪುಗಳು ಒದ್ದೆ. ಒಂದನ್ನು ಹಿಸುಕಿದೆ. ಗಟ್ಟಿಯಾಗಿರಬೇಕಾದ ಪೈಪು ನೆನೆಸಿದ ಹುಣಸೆಹಣ್ಣಿನ ಹಾಗೆ ಮೆತ್ತಗಿತ್ತು, ಬೆರಳಿಗೆ ಕಪ್ಪು ಹತ್ತಿತು. ಉಬ್ಬಿದ್ದರಿಂದ ತುದಿಯಲ್ಲಿ ಹಿಡಿತ ಬಿಟ್ಟು, ರಾತ್ರಿ ಗಾಳಿ ಒಳಗೆ ಹೋಗಿ ಡೀಸೆಲ್ ಹಿಂದಕ್ಕೆ ಇಳಿಯುತ್ತಿತ್ತು. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್ ಇರುತ್ತೆ, ಬಯೋಡೀಸೆಲ್ ಜಾಸ್ತಿಯಾದಷ್ಟೂ ಅದು ಬೇಗ ಉಬ್ಬುತ್ತೆ. ವೈಟಾನ್ ಪೈಪ್ ಮತ್ತು ಓ-ರಿಂಗ್ ಕೇಳಿ ಹಾಕಿಸಿದೆ. ಅಂಗಡಿಯಲ್ಲಿ ಬರೀ 'ಡೀಸೆಲ್ ಪೈಪ್' ಅಂದರೆ ಮತ್ತೆ ಹಳೇದೇ ಕೊಡುತ್ತಾರೆ, ಹೆಸರು ಹೇಳಿಯೇ ಕೇಳಿ. ಪಂಪಿನ ಸೀಲ್ ಈವರೆಗೆ ಸೋರಿಲ್ಲ. ಆದರೂ ತಿಂಗಳಿಗೊಮ್ಮೆ ಪಂಪಿನ ಕೆಳಗೆ ಬಟ್ಟೆ ಒರೆಸಿ ನೋಡುತ್ತೇನೆ.

ಚಳಿಗಾಲದಲ್ಲಿ ಕಲಿತದ್ದೇ ಎಲ್ಲಕ್ಕಿಂತ ದೊಡ್ಡದು. ಒಂದು ಡಿಸೆಂಬರ್‌ನಲ್ಲಿ ಹೋಟೆಲಿನ ಉಳಿದ ಪಾಮ್ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಸಿಕ್ಕಿತು. ಬೆಲೆ ಕಡಿಮೆ ಅಂತ ಅರ್ಧಕ್ಕರ್ಧ ಬೆರೆಸಿದೆ. ಬೆಳಿಗ್ಗೆ ಸುಮಾರು 10 ಡಿಗ್ರಿ. ಜೀಪ್ ಸ್ಟಾರ್ಟ್ ಆಯಿತು, ಒಂದು ನಿಮಿಷ ಓಡಿ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ಬಂದ್. ಫಿಲ್ಟರ್ ಬಟ್ಟಲಿನಲ್ಲಿದ್ದ ಇಂಧನ ಮುಗಿಯುವವರೆಗೆ ಓಡುತ್ತೆ, ಆಮೇಲೆ ಮೇಣದಂತೆ ಗಟ್ಟಿಯಾದದ್ದು ಬಂದು ದಾರಿ ಮುಚ್ಚುತ್ತೆ. ಹೊಸ ಫಿಲ್ಟರ್ ತರಲು ಹೊರಟವನು ಸುಮ್ನೆ ಕಾದೆ. ಬಿಸಿಲು ಬಿದ್ದು ಹತ್ತೂವರೆಗೆ ತಾನಾಗಿಯೇ ಸರಿಹೋಯಿತು. ಗುರುತು ಇದೇ ನೋಡಿ. ಬಿಸಿಲಿಗೆ ಸರಿಹೋದರೆ ಅದು ಮೇಣ. ಮಧ್ಯಾಹ್ನವೂ ಎಳೆಯದಿದ್ದರೆ ಅದು ಕೊಳೆ.

ಪಾಮ್ ಎಣ್ಣೆಯ ಬಯೋಡೀಸೆಲ್ ಬರೀ ಅದನ್ನೇ ಇಟ್ಟರೆ 15 ಡಿಗ್ರಿ ಆಸುಪಾಸಿನಲ್ಲೇ ಮಬ್ಬಾಗಲು ಶುರುವಾಗುತ್ತೆ. ಅದಕ್ಕೇ ಈಗ ಪ್ರತಿ ಸಲ ಬೆರೆಸಿದ್ದನ್ನು ಗಾಜಿನ ಬಾಟಲಿಯಲ್ಲಿ ರಾತ್ರಿ ಅಂಗಳದಲ್ಲಿ ಇಡುತ್ತೇನೆ. ಬೆಳಿಗ್ಗೆ ತಿಳಿಯಾಗಿದ್ದರೆ ಹಾಕುತ್ತೇನೆ, ಮಬ್ಬಾಗಿದ್ದರೆ ಇನ್ನಷ್ಟು ಡೀಸೆಲ್ ಸೇರಿಸುತ್ತೇನೆ. ಡಿಸೆಂಬರ್, ಜನವರಿಯಲ್ಲಿ 5ರಿಂದ 10 ಶೇಕಡಾ ಮೀರುವುದಿಲ್ಲ. ಬೆರೆಸುವುದೂ ಬಿಸಿಲಿರುವಾಗಲೇ, ಮೊದಲು ಡೀಸೆಲ್, ಮೇಲೆ ಬಯೋಡೀಸೆಲ್. ಇದು ಭಾರ, ಮೊದಲು ಸುರಿದರೆ ತಳದಲ್ಲೇ ಕೂರುತ್ತೆ.

ಮೈಲೇಜ್‌ನಲ್ಲಿ ವ್ಯತ್ಯಾಸ ತೀರಾ ಸ್ವಲ್ಪ. ಮಳೆಗಾಲದಲ್ಲಿ ಮಾತ್ರ ವಾರಕ್ಕೊಮ್ಮೆ ವಾಟರ್ ಸೆಪರೇಟರಿನ ತಿರುಪು ಸಡಿಲಿಸಿ ನೀರು ಬಿಡಬೇಕು, ಬಯೋಡೀಸೆಲ್ ನೀರನ್ನು ಹೆಚ್ಚು ಎಳೆದುಕೊಳ್ಳುತ್ತೆ. ಮೂರು ತಿಂಗಳಿಗಿಂತ ಹಳೆಯ ಸ್ಟಾಕ್ ನಾನು ಕೊಳ್ಳುವುದಿಲ್ಲ.

ಮನೆಯ ಬಿಎಸ್6 ಪಿಕಪ್‌ಗೆ ಇದನ್ನು ಹಾಕಿಲ್ಲ. ಅದರಲ್ಲಿ ಹೊಗೆಯ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತಾರೆ. ಬಯೋಡೀಸೆಲ್ ಬೇಗ ಆವಿಯಾಗುವುದಿಲ್ಲ, ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತೆ. ಬಿಎಸ್6 ಇರುವವರು ಕಂಪನಿಯ ಪುಸ್ತಕದಲ್ಲಿ ಎಷ್ಟು ಶೇಕಡಾ ಅಂತ ಬರೆದಿದೆಯೋ ನೋಡಿ, ಅದಕ್ಕಿಂತ ಒಂದು ಹನಿಯೂ ಜಾಸ್ತಿ ಹಾಕಬೇಡಿ.