ಇಡೀ ಮೊಟ್ಟೆಯೋ, ಬರೀ ಬಿಳಿಭಾಗವೋ?

ಮಂಡ್ಯದಲ್ಲಿರುವ ನಮ್ಮತ್ತೆಗೆ ಡಯಾಲಿಸಿಸ್ ಶುರುವಾದಾಗ ಎದ್ದ ಮೊದಲ ಪ್ರಶ್ನೆ ಇದು. ಒಂದು ಇಡೀ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 100 ಮಿಲಿಗ್ರಾಂ ರಂಜಕ ಇರುತ್ತದೆ. ಎರಡು ಮೊಟ್ಟೆಯ ಬಿಳಿಭಾಗದಲ್ಲಿ ಪ್ರೋಟೀನ್ 7 ಗ್ರಾಂ, ರಂಜಕ ಬರೀ 10 ಮಿಲಿಗ್ರಾಂ. ರಂಜಕವೆಲ್ಲ ಹೆಚ್ಚುಕಮ್ಮಿ ಹಳದಿಯಲ್ಲೇ ಇರುವುದು. ಕಿಡ್ನಿ ಸೋತಾಗ ಅದು ರಕ್ತದಲ್ಲೇ ಉಳಿಯುತ್ತದೆ. ಮೈ ತುರಿಸುತ್ತದೆ, ಮೂಳೆ ಸವೆಯುತ್ತದೆ. ಡಯಾಲಿಸಿಸ್‌ನಲ್ಲಿ ಒಂದಷ್ಟು ಪ್ರೋಟೀನ್ ಸೋರಿಯೂ ಹೋಗುತ್ತದೆ, ಹಾಗಾಗಿ ಅತ್ತೆಗೆ ಬಿಳಿಭಾಗವೇ ಸರಿ ಅನ್ನಿಸಿತು.

ಕಿಡ್ನಿ ಸೋತಿದ್ದರೂ ಡಯಾಲಿಸಿಸ್ ಇಲ್ಲದವರ ಲೆಕ್ಕ ಬೇರೆ. 50 ಕೆಜಿ ತೂಕದವರಿಗೆ ವೈದ್ಯರು ದಿನಕ್ಕೆ 30 ಗ್ರಾಂ ಪ್ರೋಟೀನ್ ಎಂದಿದ್ದರೆ, ಬಿಳಿಭಾಗವನ್ನೂ ಸುಮ್ನೆ ಜಾಸ್ತಿ ತಿನ್ನುವಂತಿಲ್ಲ. ಎರಡಕ್ಕೇ ಕಾಲು ಪಾಲು ಮುಗಿಯಿತು. ಮುದ್ದೆ, ಬೇಳೆಸಾರಿನದ್ದೂ ಅದರಲ್ಲೇ ಸೇರಬೇಕಲ್ವಾ? ರಕ್ತಪರೀಕ್ಷೆಯಲ್ಲಿ ರಂಜಕ ಹತೋಟಿಯಲ್ಲಿದ್ದರೆ, ಆಗೊಮ್ಮೆ ಈಗೊಮ್ಮೆ ಇಡೀ ಮೊಟ್ಟೆ ತಿನ್ನಬಹುದಾ ಎಂದು ವೈದ್ಯರನ್ನು ಕೇಳಿ.