ಮಾದರಿ ಚಿತ್ರ ಚೆನ್ನಾಗಿದೆ ಅಂತ ಮುಖದ ಲೋರಾಗೆ ದುಡ್ಡು ಕೊಡಬೇಡಿ

ನಾಲ್ಕಾರು ಫೋಟೋ ಕೊಟ್ಟು ಒಬ್ಬರ ಮುಖದ ಲೋರಾ, ಅಂದರೆ ಎಐ ಬರೆಯುವ ಚಿತ್ರಗಳಲ್ಲಿ ಅವರದೇ ಮುಖ ಬರುವಂತೆ ಮಾಡುವ ಫೈಲ್, ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಮಾಡಿಕೊಡುವವರು ತೋರಿಸುವ ಮಾದರಿ ಚಿತ್ರಗಳಲ್ಲಿ ಮುಖ ಎಷ್ಟು ಚೆನ್ನಾಗಿ ಹೋಲುತ್ತದೋ ಅಷ್ಟು ಅನುಮಾನ ಇಟ್ಟುಕೊಳ್ಳಿ. ನಮ್ಮ ಅಕ್ಕನ ವಿಷಯದಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಕ್ಕ ಭರತನಾಟ್ಯ ಕಲಿಸುತ್ತಾಳೆ. ಕ್ಲಾಸಿನ ಪೋಸ್ಟರ್‌ಗೆ ಮತ್ತು ಮಕ್ಕಳಿಗೆ ಕೊಡುವ ಒಂದು ಚಿತ್ರಪುಸ್ತಕಕ್ಕೆ ಅವಳದೇ ಮುಖ ಇರುವ ಚಿತ್ರಗಳು ಬೇಕಿದ್ದವು. ಬರೀ ಪ್ರಾಂಪ್ಟ್ ಬರೆದರೆ ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಹೆಂಗಸು ಬರುತ್ತಾಳೆ. ಅದಕ್ಕೆ ಲೋರಾ ಬೇಕು. ಲೋರಾ ಮೂಲ ಮಾಡೆಲ್ ಅನ್ನು ಬದಲಿಸುವುದಿಲ್ಲ. ಅದರ ಪಕ್ಕದಲ್ಲಿ ಒಂದು ಸಣ್ಣ ಹೆಚ್ಚುವರಿ ಭಾಗಕ್ಕೆ ಮಾತ್ರ ತರಬೇತಿ ಕೊಡುತ್ತಾರೆ. ಆ ಫೈಲನ್ನು ಹಾಕಿ, ಪ್ರಾಂಪ್ಟಿನಲ್ಲಿ ಗುರುತಿನ ಪದ ಬರೆದರೆ ಆ ಮುಖ ಬರಬೇಕು. ನಮ್ಮದಕ್ಕೆ ಇಟ್ಟ ಪದ `akkx`.

ಗುರುತಿನವರ ಮೂಲಕ ಸಿಕ್ಕ ಒಬ್ಬರಿಗೆ ಕೆಲಸ ಕೊಟ್ಟೆವು. ಅವರೇ ಬಂದು ಒಂದು ಮಧ್ಯಾಹ್ನ 15 ಫೋಟೋ ತೆಗೆದರು. ಹಸಿರು ರೇಷ್ಮೆ ಸೀರೆ, ನೃತ್ಯದ ಒಡವೆ, ಹಿಂದೆ ಬಿಳಿ ಗೋಡೆ. ಕೆಲವು ದಿನ ಬಿಟ್ಟು ಮಾದರಿ ಕಳಿಸಿದರು. ಹಸಿರು ಸೀರೆಯಲ್ಲಿ ಅಕ್ಕ ನಗುತ್ತಿದ್ದಾಳೆ, ಥೇಟ್ ಅವಳೇ. ಅಮ್ಮ ನೋಡಿ, 'ಇದು ಫೋಟೋನೇ ಅಲ್ವಾ?' ಅಂದರು. ಪೂರ್ತಿ ದುಡ್ಡು ಕೊಟ್ಟೆವು.

ಫೈಲ್ ನಮ್ಮ ಕೈಗೆ ಬಂದ ಮೇಲೆ ತೊಂದರೆ ಶುರುವಾಯಿತು. ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ ರೇನ್‌ಕೋಟ್ ಹಾಕಿ ನಿಂತಿರುವ ಅಕ್ಕ ಬೇಕು ಅಂತ ಬರೆದೆವು. ರೇನ್‌ಕೋಟಿಗೆ ಜರಿ ಅಂಚು ಬಂತು. ಕಿವಿಯಲ್ಲಿ ಜುಮುಕಿ, ಬೈತಲೆಯಲ್ಲಿ ಬೈತಲೆಬೊಟ್ಟು. ಬಸ್ ಸ್ಟಾಪಿನ ಜಾಗದಲ್ಲಿ ಬಿಳಿ ಗೋಡೆ. ಸಿಟ್ಟಿನ ಮುಖ ಕೇಳಿದರೂ ಅದೇ ನಗು. ಲೋರಾದ ತೂಕವನ್ನು 1ರಿಂದ 0.6ಕ್ಕೆ ಇಳಿಸಿದರೆ ಒಡವೆ ಹೋಯಿತು, ಜೊತೆಗೆ ಅಕ್ಕನೂ ಹೋದಳು.

ಕಾರಣ ಹೀಗೆ. ತರಬೇತಿಯಲ್ಲಿ ಪ್ರತಿ ಫೋಟೋ ಜೊತೆ ಅದರಲ್ಲಿ ಏನಿದೆ ಅಂತ ಹೇಳುವ ಒಂದು ಶೀರ್ಷಿಕೆ ಇರುತ್ತದೆ. ಶೀರ್ಷಿಕೆಯಲ್ಲಿ ಹೇಳದೆ ಬಿಟ್ಟದ್ದು, ಎಲ್ಲ ಫೋಟೋದಲ್ಲೂ ಮತ್ತೆ ಮತ್ತೆ ಕಾಣುವುದು, ಗುರುತಿನ ಪದಕ್ಕೆ ಅಂಟಿಕೊಳ್ಳುತ್ತದೆ. ಇಲ್ಲಿ ಎಲ್ಲ ಫೋಟೋಗೂ `photo of akkx woman` ಅಂತ ಒಂದೇ ಸಾಲು ಇತ್ತು. ಹಾಗಾಗಿ ಮಾಡೆಲ್ ಪಾಲಿಗೆ `akkx` ಅಂದರೆ ಮುಖ ಮಾತ್ರ ಅಲ್ಲ. ಹಸಿರು ಸೀರೆ, ಜುಮುಕಿ, ಗೋಡೆ, ನಗು ಎಲ್ಲ ಸೇರಿ `akkx`. ಸೀರೆ, ಒಡವೆ, ಗೋಡೆಯನ್ನು ಶೀರ್ಷಿಕೆಯಲ್ಲಿ ಬರೆದಿದ್ದರೆ ಸ್ವಲ್ಪ ಬಿಡಿಸಿಕೊಳ್ಳಬಹುದಿತ್ತು. ಆದರೆ ಎಲ್ಲ ಫೋಟೋದಲ್ಲೂ ಒಂದೇ ಸೀರೆ ಇದ್ದರೆ ಶೀರ್ಷಿಕೆಯೊಂದೇ ಸಾಲದು.

ಎರಡನೆಯದು ಅತಿಯಾದ ತರಬೇತಿ. ಇದನ್ನು ನೀವೇ ಪತ್ತೆ ಮಾಡಬಹುದು. ಲೋರಾ ಮಾಡಲು ಜನ ಜಾಸ್ತಿ ಬಳಸುವ ಸ್ಕ್ರಿಪ್ಟ್‌ಗಳಲ್ಲಿ ಒಂದಾದ `sd-scripts` ತನ್ನ ಸೆಟ್ಟಿಂಗ್‌ಗಳನ್ನು ಫೈಲಿನೊಳಗೇ ಬರೆದಿಡುತ್ತದೆ. ಹೀಗೆ ತೆಗೆದು ನೋಡಿ:

```python
from safetensors import safe_open
with safe_open("akkx.safetensors", framework="pt") as f:
    m = f.metadata() or {}
for k in ("ss_steps", "ss_num_epochs",
          "ss_tag_frequency", "ss_datasets", "ss_flip_aug"):
    print(k, m.get(k))
```

ಎಲ್ಲ ಕೀಲಿಗೂ ಉತ್ತರ ಬರದೇ ಇರಬಹುದು. ಏನೂ ಬರದಿದ್ದರೆ ಬೇರೆ ಸಾಧನ ಬಳಸಿರಬಹುದು, ಇಲ್ಲವೇ ಮಾಹಿತಿ ಅಳಿಸಿರಬಹುದು. ಆಗ ಕೇಳಿ ತಿಳಿದುಕೊಳ್ಳಿ. ನಮ್ಮ ಫೈಲಿನಲ್ಲಿ ಬೇಕಾದ ಮಾಹಿತಿ ಇತ್ತು. 15 ಫೋಟೋ, ಒಂದೊಂದಕ್ಕೂ 40 ಪುನರಾವರ್ತನೆ, ಹೀಗೆ 10 ಸುತ್ತು ಅಂದರೆ 10 ಎಪಾಕ್, ಒಂದು ಸ್ಟೆಪ್‌ಗೆ ಒಂದೇ ಫೋಟೋ ಅಂದರೆ ಬ್ಯಾಚ್ 1. ಒಟ್ಟು 6000 ಸ್ಟೆಪ್. ಒಂದೊಂದು ಫೋಟೋವನ್ನೂ ಮಾಡೆಲ್ 400 ಸಲ ನೋಡಿದೆ. ಎಸ್‌ಡಿಎಕ್ಸ್‌ಎಲ್ ಅನ್ನುವ ಚಿತ್ರದ ಮಾಡೆಲ್ ಮೇಲೆ ಇಷ್ಟು ಫೋಟೋಗೆ ಒಂದೆರಡು ಸಾವಿರ ಸ್ಟೆಪ್‌ನೊಳಗೇ ಮುಖ ಕೂರುವುದು ಸಾಮಾನ್ಯ. ಒಂದೊಂದು ಸ್ಟೆಪ್‌ನಲ್ಲಿ ಎಷ್ಟು ಕಲಿಯಬೇಕು ಅನ್ನುವ ಲರ್ನಿಂಗ್ ರೇಟ್ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ ನಿಜ. ಆದರೆ 400 ಸಲ ನೋಡಿದ ಮೇಲೆ ಅದು ಮುಖ ಕಲಿಯುವುದನ್ನು ಬಿಟ್ಟು ಫೋಟೋವನ್ನೇ ಉರು ಹೊಡೆದಿತ್ತು. ನಮಗೆ ಕಳಿಸಿದ ಮಾದರಿಯನ್ನು ಮೂಲ ಫೋಟೋಗಳ ಪಕ್ಕ ಇಟ್ಟು ನೋಡಿದೆವು. ಸೆರಗಿನ ಮಡಿಕೆ ಕೂಡ ಒಂದೇ. ಹೋಲಿಕೆ ಅಷ್ಟು ಚೆನ್ನಾಗಿ ಬಂದದ್ದು ಅದಕ್ಕೇ.

ಅಕ್ಕನಿಗೆ ಜಾಸ್ತಿ ಬೇಜಾರಾದದ್ದು ಮಚ್ಚೆ ನೋಡಿ. ಅವಳ ಎಡಗೆನ್ನೆಯ ಮಚ್ಚೆ ಕೆಲವು ಚಿತ್ರಗಳಲ್ಲಿ ಬಲಕ್ಕೆ, ಕೆಲವದರಲ್ಲಿ ಎರಡೂ ಕಡೆ ಬರುತ್ತಿತ್ತು. `flip_aug` ಆನ್ ಇತ್ತು. ಅದು ತರಬೇತಿ ವೇಳೆ ಫೋಟೋಗಳನ್ನು ಕನ್ನಡಿಯಂತೆ ಎಡಬಲ ತಿರುಗಿಸುತ್ತದೆ. ಫೋಟೋ ಕಡಿಮೆ ಇದ್ದಾಗ ಕೆಲವರು ಇದನ್ನು ಹಾಕುತ್ತಾರೆ. ಮನುಷ್ಯರ ಮುಖಕ್ಕೆ ಬೇಡವೇ ಬೇಡ. ಮಚ್ಚೆ, ಮೂಗುತಿ, ಬೈತಲೆ, ಓರೆ ನಗು, ಗುರುತು ಇರುವುದೇ ಅಲ್ಲಿ. ಸಾಲದ್ದಕ್ಕೆ ಫೋನಿನ ಬ್ಯೂಟಿ ಮೋಡಿನಲ್ಲೇ ಫೋಟೋ ತೆಗೆದಿದ್ದರು. ಅಕ್ಕನ ಬಣ್ಣ ತಿಳಿಯಾಗಿ, ಕಣ್ಣಿನ ಕೆಳಗಿನ ಗೆರೆಗಳು ಮಾಯವಾಗಿ, ಲೋರಾ ಆ ಮುಖವನ್ನೇ ಕಲಿತಿತ್ತು. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಒಬ್ಬರ ಮುಖ ಉಳಿಸಿಕೊಡುತ್ತೇವೆ ಅಂತ ಹೇಳಿ ಅವರ ಬಣ್ಣ ಬದಲಿಸುವುದು ಅನ್ಯಾಯ.

ಶಿಷ್ಯೆಯರ ನಡುವೆ ಕೂತ ಚಿತ್ರದಲ್ಲಿ ಹುಡುಗಿಯರಿಗೆಲ್ಲ ಅಕ್ಕನ ಮುಖ ಬಂತು. `woman` ಅನ್ನುವ ಪದವೇ ಅವಳ ಕಡೆ ವಾಲಿತ್ತು. ಬೇರೆ ಹೆಂಗಸರ ರೆಗ್ಯುಲರೈಸೇಶನ್ ಚಿತ್ರಗಳನ್ನು ಸೇರಿಸಿ ತರಬೇತಿ ಕೊಟ್ಟರೆ ಇದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರದು ತಪ್ಪಿಲ್ಲ. ದೂರದಿಂದ ಪೂರ್ತಿ ಆಳು ಕಾಣುವ ಚಿತ್ರದಲ್ಲಿ ಮುಖ ಕೆಡುತ್ತಿತ್ತು. 1024 ಪಿಕ್ಸೆಲ್ ಅಗಲದ ಚಿತ್ರವನ್ನು ಎಸ್‌ಡಿಎಕ್ಸ್‌ಎಲ್ ಒಳಗೆ 128 ಚೌಕಕ್ಕೆ ಕುಗ್ಗಿಸಿ ಕೆಲಸ ಮಾಡುತ್ತದೆ. ಚಿತ್ರದಲ್ಲಿ ಮುಖ 80 ಪಿಕ್ಸೆಲ್ ಇದ್ದರೆ ಒಳಗೆ ಬರೀ 10 ಚೌಕ. ಅಷ್ಟರಲ್ಲಿ ಯಾರ ಗುರುತೂ ನಿಲ್ಲದು. ಮುಖದ ಭಾಗವನ್ನಷ್ಟೇ ಹಿಗ್ಗಿಸಿ ಅದೇ ಲೋರಾದಿಂದ ಮತ್ತೆ ಇನ್‌ಪೇಂಟ್ ಮಾಡಬೇಕು.

ಹಾಗಾಗಿ ದುಡ್ಡು ಕೊಡುವ ಮೊದಲು ಪ್ರಾಂಪ್ಟ್ ನೀವೇ ಕೊಡಿ. ಫೋಟೋಗಳಲ್ಲಿ ಇಲ್ಲದ ಬಟ್ಟೆ, ಇಲ್ಲದ ಜಾಗ, ಇಲ್ಲದ ಭಾವ ಕೇಳಿ. ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ಕೇಳಿ. ಕೊನೆಯ ಫೈಲ್ ಒಂದನ್ನೇ ತೆಗೆದುಕೊಳ್ಳಬೇಡಿ, ಪ್ರತಿ ಎಪಾಕಿನದೂ ಬೇಕು ಅನ್ನಿ. ಒಂದೇ ಪ್ರಾಂಪ್ಟ್, ಚಿತ್ರದ ಆರಂಭವನ್ನು ನಿರ್ಧರಿಸುವ ಒಂದೇ ಸೀಡ್ ಸಂಖ್ಯೆ ಇಟ್ಟು ಸಾಲಾಗಿ ಚಿತ್ರ ತೆಗೆದರೆ ಮುಖ ಎಲ್ಲಿ ಕೂರುತ್ತದೆ, ಬಟ್ಟೆ ಎಲ್ಲಿ ಅಂಟಿಕೊಳ್ಳಲು ಶುರುವಾಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಫೈಲ್ ಮತ್ತು ಫೋಟೋ ಅವರ ಬಳಿ ಉಳಿಯಬಾರದು ಅಂತ ಬರೆಸಿಕೊಳ್ಳಿ. ಆ ಫೈಲ್ ಇದ್ದವರು ಅಕ್ಕನನ್ನು ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ನಿಲ್ಲಿಸಬಹುದು. ನಾವು ಕೇಳಿದ ಮೇಲೆ ಅಳಿಸಿದ್ದೇವೆ ಅಂದರು. ಅದನ್ನು ಪರೀಕ್ಷಿಸಲು ನಮಗೆ ದಾರಿಯಿಲ್ಲ.

ಆಮೇಲೆ ಅಕ್ಕನ ಶಿಷ್ಯೆಯೊಬ್ಬಳ ಅಣ್ಣ ಹೊಸದಾಗಿ ಮಾಡಿಕೊಟ್ಟರು. ಬೇರೆ ಬೇರೆ ದಿನ ತೆಗೆದ ಫೋಟೋಗಳು. ಕಾಟನ್ ಸೀರೆ, ಚೂಡಿದಾರ, ಅಡುಗೆಮನೆ, ಅಂಗಳದ ಬಿಸಿಲು, ನಗದ ಮುಖವೂ ಇತ್ತು. ಫಿಲ್ಟರ್ ಇಲ್ಲ. ವಾಟ್ಸಾಪಿನಲ್ಲಿ ಬಂದು ಕುಗ್ಗಿದ ಪ್ರತಿಗಳ ಬದಲು ಫೋನಿನಲ್ಲಿದ್ದ ಮೂಲ ಫೈಲ್‌ಗಳು. ಪ್ರತಿ ಶೀರ್ಷಿಕೆಯಲ್ಲೂ ಬಟ್ಟೆ, ಜಾಗ, ಬೆಳಕು ಬರೆದಿದ್ದರು. ಎಲ್ಲ ಎಪಾಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ ನಡುವಿನದೊಂದನ್ನು ಅಕ್ಕನೇ ಆರಿಸಿದಳು. ಈಗ ರೇನ್‌ಕೋಟ್ ರೇನ್‌ಕೋಟಾಗಿಯೇ ಬರುತ್ತದೆ, ಮಚ್ಚೆ ಎಡಗೆನ್ನೆಯಲ್ಲೇ ಇದೆ. ಪೂರ್ತಿ ಪಕ್ಕಕ್ಕೆ ತಿರುಗಿದ ಮುಖ ಇನ್ನೂ ಯಾರದೋ ಥರ ಬರುತ್ತಿದೆ. ಆ ಕೋನದ ಫೋಟೋಗಳನ್ನು ತೆಗೆದು ಇನ್ನೊಂದು ಸಲ ತರಬೇತಿ ಕೊಡಬೇಕು.